‘ಉಂಡ್ಯಾ ಕೂಸು?’

ಚೆನ್ನೈಗೆ ಬಂದು ಎರಡನೇ ವಾರ. ಬೆಳಿಗ್ಗೆ ಏಳೂ ಇಪ್ಪತ್ತು. ವೇಳಚ್ಚೇರಿಯ ನಮ್ಮ ಬೀದಿಯ ಮೂಲೆಯಲ್ಲಿ ಮಗನ ಶಾಲೆಯ ಬಸ್ಸಿಗೆ ಕಾಯುತ್ತ, ಹಿಂದಿನ ದಿನ ಡೈರಿಗೆ ಸಹಿ ಹಾಕಿಸಿಕೊಳ್ಳದ್ದಕ್ಕೆ ಅವನನ್ನು ಬೈಯುತ್ತಿದ್ದೆ. ಕನ್ನಡದಲ್ಲಿ ಬೈದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯ. ಹೊರನಾಡಿನಲ್ಲಿರುವ ನಮಗೆಲ್ಲ ಆ ಧೈರ್ಯ ಒಂದಲ್ಲ ಒಂದು ದಿನ ಕೈಕೊಡುತ್ತದೆ. ನನಗೆ ಅಂದೇ ಕೈಕೊಟ್ಟಿತು. ಹಿಂದಿದ್ದ ಟೀ ಅಂಗಡಿಯ ಬಾಯ್ಲರ್ ಪಕ್ಕದಿಂದ ಒಂದು ದನಿ ಬಂತು: ‘ಹೊತ್ತಾರೆನೇ ಯಾಕಪ್ಪ ಕೂಸ್ನ ಬಯ್ದೀಯೆ? ಉಂಡ್ಯಾ ಕೂಸು?’

ತಿರುಗಿ ನೋಡಿದರೆ ಎಪ್ಪತ್ತರ ಆಸುಪಾಸಿನ ಮುದುಕರು. ಮಡಚಿ ಕಟ್ಟಿದ ಲುಂಗಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹಿತ್ತಾಳೆ ಮಗ್ಗು. ಎರಡು ವಾರದಿಂದ ನಾನು ಅವರನ್ನು ‘ಅಣ್ಣೇ, ಒರು ಟೀ’ ಎಂದು ನನ್ನ ಹರುಕು ತಮಿಳಿನಲ್ಲಿ ಕೇಳುತ್ತಿದ್ದೆ. ಅವರು ಅಷ್ಟೇ ಚಂದದ ತಮಿಳಿನಲ್ಲಿ ‘ಶಕ್ಕರೈ ಕಮ್ಮಿಯಾ?’ ಎನ್ನುತ್ತಿದ್ದರು.

ತಾಳವಾಡಿಯವರಂತೆ. ಅಲ್ಲಿಯ ಭೂಗೋಳ ಗೊತ್ತಿಲ್ಲದವರಿಗೆ ಎರಡು ಮಾತು. ತಾಳವಾಡಿ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಆದರೆ ಈರೋಡ್‌ಗೆ ಹೋಗಬೇಕೆಂದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ಹಾಯಬೇಕು. ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ. ಮನೆಮಾತು ಕನ್ನಡವಾಗಿರುವ ಊರುಗಳು ಅಲ್ಲಿ ಬೇಕಾದಷ್ಟಿವೆ. ನಮ್ಮ ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಆ ಸೀಮೆಯಲ್ಲೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿಕೊಂಡು ಹೋದದ್ದು ಆ ಊರಿನ ತೋಟದ ಮನೆಯಿಂದ. ತಾತ ಮಾತ್ರ ಅದಕ್ಕೆ ಎಷ್ಟೋ ಮೊದಲೇ, ಹುಡುಗನಾಗಿದ್ದಾಗಲೇ ಮದರಾಸಿಗೆ ಬಂದವರು. ಮಲೆಯಾಳಿ ಒಬ್ಬರ ಟೀ ಅಂಗಡಿಯಲ್ಲಿ ಗ್ಲಾಸು ತೊಳೆಯಲು ಸೇರಿ, ಹತ್ತು ವರ್ಷದ ಮೇಲೆ ಬಾಯ್ಲರ್ ಮುಂದೆ ನಿಲ್ಲುವ ‘ಮಾಸ್ಟರ್’ ಆಗಿ, ಆಮೇಲೆ ಈ ಮೂಲೆಯಲ್ಲಿ ಸ್ವಂತದ್ದು ಇಟ್ಟವರು. ಹೆಂಡತಿ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಮಕ್ಕಳಿಗೆ ತಮಿಳೇ ಸಲೀಸು.

ಇಷ್ಟು ಹೇಳಿದರೆ ಇದು ಪರವೂರಿನಲ್ಲಿ ಕನ್ನಡಿಗ ಸಿಕ್ಕ ಸಂತೋಷದ ಕತೆ ಎನಿಸಬಹುದು. ಆ ಸಂತೋಷ ನನ್ನದು. ಕತೆ ನನ್ನ ಮಗನದು.

ಅವನಿಗೆ ಆಗ ಒಂಬತ್ತು. ಉಗ್ಗು ಶುರುವಾದದ್ದು ನಾಲ್ಕನೇ ವಯಸ್ಸಿನಲ್ಲಿ. ಆ ವಯಸ್ಸಿಗೆ ಉಗ್ಗುವ ಮಕ್ಕಳಲ್ಲಿ ಬಹಳ ಮಂದಿಗೆ ಅದು ತಾನಾಗಿ ಹೋಗುತ್ತದೆ, ಹುಡುಗರಲ್ಲಿ ಉಳಿದುಕೊಳ್ಳುವುದು ಹೆಚ್ಚು. ಇವನಲ್ಲಿ ಉಳಿಯಿತು. ಮೈಸೂರಿನಲ್ಲಿದ್ದಾಗ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ತಿಂಗಳುಗಟ್ಟಲೆ ಕರೆದುಕೊಂಡು ಹೋಗಿದ್ದೆವು, ಸಾಕಷ್ಟು ಹಿಡಿತಕ್ಕೆ ಬಂದಿತ್ತು. ಚೆನ್ನೈಗೆ ಬಂದದ್ದೇ ತಡ, ಮತ್ತೆ ಕೆದರಿಕೊಂಡಿತು. ಹೊಸ ಮನೆ, ಹೊಸ ಶಾಲೆ, ಜೊತೆಗೆ ಇಲ್ಲಿ ತಮಿಳು ಕಲಿಕೆ ಕಡ್ಡಾಯ. ನೆಂಟರು ಫೋನಿನಲ್ಲೇ ತೀರ್ಪು ಕೊಟ್ಟರು: ‘ಮೂರು ಭಾಷೆ ತಲೆಗೆ ತುಂಬಿದ್ರೆ ಮಗು ಉಗ್ಗದೆ ಇನ್ನೇನು? ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷೇ ಮಾತಾಡಿ.’ ಮೈಸೂರಿನ ಥೆರಪಿಸ್ಟ್ ಮೇಡಂಗೆ ಫೋನ್ ಮಾಡಿ ಕೇಳಿದೆ. ಹೆಚ್ಚು ಭಾಷೆ ಕಲಿತರೆ ಉಗ್ಗು ಬರುವುದಿಲ್ಲ, ಅದಕ್ಕಾಗಿ ಮನೆಮಾತು ಬಿಡಬೇಕಾಗಿಲ್ಲ ಎಂದು ಅವರು ಖಡಾಖಂಡಿತ ಹೇಳಿದರು.

ಉಗ್ಗುವವರ ಮನೆಯಲ್ಲಿ ಬದುಕದವರಿಗೆ ಒಂದು ಸಂಗತಿ ಗೊತ್ತಿರುವುದಿಲ್ಲ. ಉದ್ದದ ಮಾತಿಗಿಂತ ಚಿಕ್ಕ ಮಾತು ಕಷ್ಟ. ಕತೆ ಹೇಳುವಾಗ ಒಂದು ಪದ ಸಿಕ್ಕಿಕೊಂಡರೆ ಇನ್ನೊಂದು ಪದದಿಂದ ಸುತ್ತಿ ಹೋಗಬಹುದು. ‘ತಟ್ಟೆ’ ಬಾರದಿದ್ದರೆ ‘ಪ್ಲೇಟು’ ಅನ್ನಬಹುದು. ಆದರೆ ತನ್ನ ಹೆಸರಿಗೆ ಬದಲಿ ಪದವಿಲ್ಲ. ಹಾಜರಿ ಕೂಗಿದಾಗ ‘ಪ್ರೆಸೆಂಟ್’ ಎನ್ನುವುದಕ್ಕೆ ಬದಲಿಯಿಲ್ಲ. ಎದುರಿಗೆ ಬಂದವರಿಗೆ ‘ಗುಡ್ ಮಾರ್ನಿಂಗ್’ ಅನ್ನಲೇಬೇಕು, ಅದೂ ಅವರು ದಾಟಿ ಹೋಗುವುದರೊಳಗೆ. ಪಾಠವನ್ನು ತರಗತಿಯವರ ಜೊತೆ ದನಿಗೂಡಿಸಿ ಓದುವಾಗ ನನ್ನ ಮಗ ಒಂದು ಕಡೆಯೂ ತಡವರಿಸುವುದಿಲ್ಲ, ಹಾಡಿದರೂ ಇಲ್ಲ. ‘ಪ್ರೆಸೆಂಟ್’ನ ಪಕಾರದ ಮುಂದೆ ಮಾತ್ರ ತುಟಿ ಬಿಗಿದು, ಉಸಿರು ನಿಂತು, ಕತ್ತಿನ ನರ ಉಬ್ಬುತ್ತದೆ. ದನಿಯೇ ಹೊರಡದ ಅಂಥ ತಡೆ ನಾಲ್ಕೈದು ಸೆಕೆಂಡು ಇರಬಹುದು. ಮೂವತ್ತೈದು ಮಕ್ಕಳು ನೋಡುತ್ತಿರುವಾಗ ಅದು ಎಷ್ಟು ಹೊತ್ತು ಅನಿಸುತ್ತದೋ ಅವನನ್ನೇ ಕೇಳಬೇಕು. ಹಾಗಾಗಿ ಅವನು ಕೈಯೆತ್ತಿ ಸುಮ್ಮನಾಗಲು ಶುರು ಮಾಡಿದ. ಉತ್ತರ ಕೊಡದ ಹುಡುಗ, ಅಹಂಕಾರ ಎಂದು ಶಾಲೆಯಿಂದ ದೂರೂ ಬಂತು.

ಅಂಥವನನ್ನು ತಾತ ‘ಉಂಡ್ಯಾ ಕೂಸು?’ ಎಂದು ಕೇಳಿದ್ದು.

ಅವನು ‘ತ... ತ...’ ಎಂದು ಸಿಕ್ಕಿಕೊಂಡ. ತಿಂಡಿ ಆಯ್ತು ಅನ್ನಲು ಹೊರಟಿದ್ದ, ತಕಾರ ಅವನಿಗೆ ಪಕಾರಕ್ಕಿಂತ ದೊಡ್ಡ ಶತ್ರು. ನಾನು ಎಂದಿನಂತೆ ‘ತಿಂಡಿ ಆಯ್ತು ತಾತ, ದೋಸೆ’ ಎಂದು ಮುಗಿಸಿಬಿಟ್ಟೆ. ತಾತ ನನ್ನ ಕಡೆ ನೋಡದೆಯೇ ಹೇಳಿದರು: ‘ನೀ ಸುಮ್ನಿರಪ್ಪ, ನಿನ್ನ ಕೇಳ್ನಿಲ್ಲ ನಾ.’

ಥೆರಪಿಸ್ಟ್ ನನಗೆ ಎರಡು ವರ್ಷ ಹೇಳಿದ್ದೂ ಅದೇ. ‘ನಿಧಾನ’ ಎನ್ನಬೇಡಿ, ‘ಉಸಿರು ತಗೋ’ ಎನ್ನಬೇಡಿ, ಅವನ ಪದವನ್ನು ನೀವು ಮುಗಿಸಬೇಡಿ. ಮುಖ ಗಂಟಿಕ್ಕದೆ ಕಾಯಿರಿ. ಅವನು ಹೇಳಿ ಮುಗಿಸಿದ ಮೇಲೂ ಒಂದು ಕ್ಷಣ ಬಿಟ್ಟು ನೀವು ಮಾತಾಡಿ. ನಾನು ಹಾಳೆಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದೆ, ಮಾಡಿರಲಿಲ್ಲ. ಹಡೆದವರಿಗೆ ಮಗು ಒದ್ದಾಡುವುದನ್ನು ನೋಡಿ ಕೈಕಟ್ಟಿ ಕೂರುವುದು ಸುಲಭವಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ಅವನ ಮೇಲಿನ ಕರುಣೆ ಅರ್ಧ, ಸುತ್ತಲಿನವರ ಮುಂದೆ ನನ್ನ ಮುಜುಗರ ಅರ್ಧ.

ತಾತನಿಗೆ ಕಾಯುವುದು ಕಷ್ಟವಾಗಲಿಲ್ಲ. ಅವರ ಕೆಲಸವೇ ಹಾಗಿತ್ತು. ಇಲ್ಲಿಯ ಟೀ ನಮ್ಮೂರಿನಂತೆ ಹಾಲು, ಪುಡಿ, ಸಕ್ಕರೆ ಎಲ್ಲ ಒಟ್ಟಿಗೆ ಕುದಿಸಿ ಫ್ಲಾಸ್ಕಿಗೆ ತುಂಬಿದ್ದಲ್ಲ. ಒಂದೊಂದು ಗ್ಲಾಸೂ ಬೇರೆ. ಬಾಯ್ಲರ್ ನಲ್ಲಿಯ ಬಿಸಿನೀರಲ್ಲಿ ಗ್ಲಾಸು ಜಾಲಿಸಬೇಕು, ಸಕ್ಕರೆ ಹಾಕಬೇಕು, ಡಸ್ಟ್ ಟೀ ತುಂಬಿದ ಬಟ್ಟೆಚೀಲದಿಂದ ಡಿಕಾಕ್ಷನ್ ಇಳಿಸಬೇಕು, ಪಕ್ಕದ ಪಾತ್ರೆಯಲ್ಲಿ ಕಾಯುತ್ತಲೇ ಇರುವ ಹಾಲನ್ನು ಮಗ್ಗಿಗೆ ಮೊಗೆದು ಸೇರಿಸಬೇಕು. ಆಮೇಲೆ ಮಗ್ಗಿನಿಂದ ಗ್ಲಾಸಿಗೆ, ಗ್ಲಾಸಿನಿಂದ ಮಗ್ಗಿಗೆ ಮೊಳದೆತ್ತರದಿಂದ ಎರಡು ಮೂರು ಸಲ ಹೊಯ್ದಾಡಬೇಕು. ಸಕ್ಕರೆ ಕರಗುವುದು, ನೊರೆ ಬರುವುದು, ಕುಡಿಯುವಷ್ಟು ಆರುವುದು ಎಲ್ಲ ಆ ಹೊಯ್ದಾಟದಲ್ಲೇ. ಡಿಕಾಕ್ಷನ್ ಹಳೆಯದಾಗಿದ್ದರೆ ಬಣ್ಣ ಕಪ್ಪಗಿದ್ದೂ ರುಚಿ ಒಗರು. ಮಾಸ್ಟರ್ ಕೈ ಕೆಟ್ಟರೆ ಮೊದಲು ತಿಳಿಯುವುದೂ ಹೊಯ್ಯುವಾಗಲೇ, ಧಾರೆ ಗ್ಲಾಸಿನ ಅಂಚಿಗೆ ತಾಗುತ್ತದೆ.

ಕೇಳಿದ ಪ್ರಶ್ನೆಯನ್ನು ಗಾಳಿಯಲ್ಲಿ ಬಿಟ್ಟು ತಾತ ಟೀ ಹೊಯ್ಯುತ್ತಿದ್ದರು. ಮಗನ ತಡೆ ಬಿಚ್ಚಿಕೊಳ್ಳುವ ಹೊತ್ತಿಗೂ ಗ್ಲಾಸು ಗಿರಾಕಿಯ ಕೈಸೇರುವ ಹೊತ್ತಿಗೂ ಹೆಚ್ಚು ಕಡಿಮೆ ಸರಿಹೋಗುತ್ತಿತ್ತು. ‘ತ್...ತಿಂಡಿ ಆಯ್ತು ತಾತ.’ ‘ಆಯ್ತಾ, ಸರಿ ಹೋಗ್ಬುಟ್ಟು ಬಾ.’ ದಿನಾ ಇಷ್ಟೇ. ಒಂದು ತಿಂಗಳು ಕಳೆಯುವ ಹೊತ್ತಿಗೆ ಮಗ ಬಸ್ಸಿಗೆ ಐದು ನಿಮಿಷ ಮೊದಲೇ ಹೊರಡಲು ಅವಸರ ಮಾಡತೊಡಗಿದ. ನನ್ನ ಹೆಂಡತಿ ‘ಏನ್ರೀ ಇವನು, ಶಾಲೆಗೆ ಹೊರಟಿದ್ದಾನಾ, ಟೀ ಅಂಗಡಿಗಾ?’ ಎಂದು ನಕ್ಕಳು.

ಆಮೇಲೊಂದು ದಿನ ಅವನು ಪ್ರಶ್ನೆಯನ್ನು ತಿರುಗಿಸಿದ. ‘ತಾತ, ನೀ...ನೀವು ಉಂಡ್ರಾ?’

ತಾತ ಒಂದು ಗಳಿಗೆ ಮಗ್ಗು ಹಿಡಿದುಕೊಂಡೇ ನಿಂತರು. ಆ ಪ್ರಶ್ನೆಯನ್ನು, ಆ ಮಾತಿನಲ್ಲಿ, ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ. ‘ಆಯ್ತು ಕನ ಕೂಸು’ ಎಂದರು. ಇವನು ಬಿಡಲಿಲ್ಲ. ‘ಏನುಂಡ್ರಿ?’ ‘ಹಿಟ್ಟು.’ ನಮ್ಮ ಕಡೆ ಹಿಟ್ಟು ಎಂದರೆ ರಾಗಿ ಮುದ್ದೆ, ಮಗನಿಗೆ ಗೊತ್ತು. ಅಂದಿನಿಂದ ಪ್ರಶ್ನೆ ಎರಡೂ ಕಡೆಯಿಂದ ಹೋಗಿಬರತೊಡಗಿತು.

ಸೆಪ್ಟೆಂಬರಿನ ಒಂದು ರಾತ್ರಿ ಮಲಗುವಾಗ ಮಗ ಹೇಳಿದ, ‘ಅಪ್ಪ, ತಾತ ಸುಳ್ಳು ಹೇಳ್ತಾರೆ. ಅವರ ಡಬ್ಬಿ ದಿನಾ ಮುಚ್ಚೇ ಇರುತ್ತೆ.’

ನಾನು ಗಮನಿಸಿರಲೇ ಇಲ್ಲ. ಮರುದಿನ ಸಂಜೆ ಟೀ ಕುಡಿಯುತ್ತ ಮೆಲ್ಲಗೆ ಕೇಳಿದೆ. ಅಂಗಡಿ ತೆಗೆಯುವುದು ನಾಲ್ಕೂವರೆಗೆ. ಹಾಲಿನ ಪ್ಯಾಕೆಟ್ಟು ಹಾಕುವವರು, ಪೇಪರ್ ಹುಡುಗರು, ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಗಳು, ಆಟೋದವರು, ಆಮೇಲೆ ನಮ್ಮಂಥ ಆಫೀಸಿನವರು. ಸಹಾಯಕ ಹುಡುಗ ಬರುವುದು ಒಂಬತ್ತಕ್ಕೆ. ಅವನು ಬಂದ ಮೇಲೆಯೇ ಡಬ್ಬಿ ಬಿಚ್ಚುವುದು, ಅಂದರೆ ಬಾಯಿಗೆ ಮೊದಲ ತುತ್ತು ಬೀಳುವಾಗ ಹತ್ತು ಗಂಟೆ. ನಲವತ್ತು ವರ್ಷದ ರೂಢಿ, ಏನೂ ಆಗಿಲ್ಲ ಎಂದರು. ಅದರಲ್ಲಿ ಒಂದು ಮಾತು ಬಿಟ್ಟುಹೋಗಿತ್ತು. ನನಗೆ ಅದು ತಿಳಿದದ್ದು ಆಮೇಲೆ.

ನವೆಂಬರ್. ಚೆನ್ನೈ ಮಳೆ ನಮ್ಮ ಮುಂಗಾರಿನಂತಲ್ಲ, ದೀಪಾವಳಿಯ ಹಿಂದೆ ಮುಂದೆ ಹಿಡಿದುಕೊಂಡು ಬರುತ್ತದೆ. ವೇಳಚ್ಚೇರಿಯ ತಗ್ಗಿನಲ್ಲಿ ಮೊಣಕಾಲುದ್ದ ನೀರು, ಬಸ್ಸು ತಡ. ಏಳೂ ಮುಕ್ಕಾಲಾಗಿರಬೇಕು. ಮಗ ‘ಉಂಡ್ರಾ ತಾತ?’ ಎಂದ. ಆ ಹೊತ್ತಿಗೆ ಆ ಮಾತು ಅವನಿಗೆ ಹೆಚ್ಚು ತಡೆಯಿಲ್ಲದೆ ಬರುತ್ತಿತ್ತು. ತಾತ ಉತ್ತರಿಸಲಿಲ್ಲ. ಅವನನ್ನೇ ನೋಡಿದರು, ಗುರುತಿಲ್ಲದವರನ್ನು ನೋಡಿದ ಹಾಗೆ. ಮತ್ತೆ ಕೇಳಿದ. ‘ಏಯ್, ಹೋಗುಡಾ!’ ಎಂದು ತಮಿಳಿನಲ್ಲೋ ಕನ್ನಡದಲ್ಲೋ ಗದರಿದರು. ನನಗೆ ಸಿಟ್ಟು ಬಂತು. ಮಳೆಯಲ್ಲಿ ವ್ಯಾಪಾರ ಬಿದ್ದಿದೆ, ಮುದುಕರ ಮೂಡು ಸರಿಯಿಲ್ಲ, ಬಾ ಎಂದು ಮಗನ ಕೈ ಹಿಡಿದೆ. ಅವನು ಅಲ್ಲಾಡಲಿಲ್ಲ. ‘ತ... ತ... ತ...’ ಕತ್ತಿನ ನರ ಉಬ್ಬಿತು, ನನ್ನ ಬಾಯಿಗೆ ಪದ ಬಂದಿತ್ತು, ಹೇಗೋ ತಡೆದುಕೊಂಡೆ. ‘ತಾತ ಹಿಂಗಲ್ಲ ಅಪ್ಪ. ಕೈ ನೋಡು.’

ಹೊಯ್ಯುವ ಧಾರೆ ಗ್ಲಾಸಿನ ಹೊರಗೆ ಬೀಳುತ್ತಿತ್ತು. ಕೈ ನಡುಗುತ್ತಿತ್ತು. ಹಾಕಿದ ಗ್ಲಾಸಿಗೇ ಎರಡನೇ ಸಲ ಸಕ್ಕರೆ ಹಾಕಿದರು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬಾಯ್ಲರ್ ಮುಂದೆ ನಿಂತವರು ಬೆವರುವುದು ವಿಶೇಷವೇನಲ್ಲ, ಅದಕ್ಕೇ ಯಾರೂ ಗಮನಿಸಿರಲಿಲ್ಲ. ಆದರೆ ಅಂದು ಮಳೆಗಾಳಿಗೆ ನಾವೆಲ್ಲ ನಡುಗುತ್ತಿದ್ದೆವು.

ಇದನ್ನು ನಾನು ಮೊದಲು ನೋಡಿದ್ದೆ. ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ. ಒಮ್ಮೆ ಏಕಾದಶಿ ಉಪವಾಸದ ದಿನ ಮಾತ್ರೆ ನುಂಗಿ ಹೀಗೇ ಬೆವತು, ಮಾತು ತೊದಲಿ, ನನ್ನನ್ನೇ ‘ಯಾರು ನೀವು’ ಎಂದಿದ್ದರು. ‘ತಾತ, ಶುಗರ್ ಮಾತ್ರೆ ತಗೊಳ್ತೀರಾ?’ ಎಂದು ಕೇಳಿದೆ, ತಲೆಯಾಡಿಸಿದರು. ಎಚ್ಚರವಿತ್ತು, ನುಂಗಬಲ್ಲವರಾಗಿದ್ದರು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ಆಗ ನೇರ ಆಸ್ಪತ್ರೆಗೇ. ಬೆಂಚಿನ ಮೇಲೆ ಕೂರಿಸಿ, ಅವರದೇ ಡಬ್ಬದಿಂದ ಮೂರು ಚಮಚ ಸಕ್ಕರೆ ಅರ್ಧ ಗ್ಲಾಸು ನೀರಿಗೆ ಕದಡಿ ಕುಡಿಸಿದೆ. ಹದಿನೈದು ಗ್ರಾಂ ಎನ್ನುತ್ತಾರೆ ವೈದ್ಯರು, ಹೆಚ್ಚು ಕಡಿಮೆ ಅಷ್ಟೇ. ಕಾಲು ಗಂಟೆ ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ. ಮಗ ಅವರ ಟವೆಲ್ಲಿನಿಂದ ಅವರ ಹಣೆ ಒರೆಸುತ್ತ ನಿಂತಿದ್ದ. ಅಷ್ಟರಲ್ಲಿ ಬಸ್ಸು ಬಂತು, ಹೋಯಿತು. ನಾವಿಬ್ಬರೂ ಅದರ ಕಡೆ ನೋಡಲಿಲ್ಲ.

ಹತ್ತು ನಿಮಿಷಕ್ಕೆ ತಾತನ ಕಣ್ಣು ನಿಂತಲ್ಲಿ ನಿಂತವು. ಸುತ್ತ ನೋಡಿ ಕೇಳಿದ ಮೊದಲ ಮಾತು: ‘ಹಾಲ ಯಾರ್ಲಾ ಚೆಲ್ಲಿದ್ದು?’

ಮಧ್ಯಾಹ್ನ ಅವರ ಮಗ ಬಂದು ಆಸ್ಪತ್ರೆಗೆ ಕರೆದೊಯ್ದರು, ನಾನೂ ಹೋದೆ. ಬಿಟ್ಟುಹೋಗಿದ್ದ ಮಾತು ಅಲ್ಲಿ ಹೊರಬಿತ್ತು. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಪತ್ತೆಯಾಗಿ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಶುರುವಾಗಿತ್ತು. ದೇಹದಲ್ಲಿ ಇನ್ಸುಲಿನ್ ಹೆಚ್ಚು ಸುರಿಯುವಂತೆ ಮಾಡುವ ಮಾತ್ರೆ ಅದು, ಹೊಟ್ಟೆಯಲ್ಲಿ ಅನ್ನ ಇದ್ದರೂ ಇಲ್ಲದಿದ್ದರೂ ತನ್ನ ಕೆಲಸ ಮಾಡುತ್ತದೆ. ವಯಸ್ಸಾದವರಲ್ಲಿ ಅದು ಹೀಗೆ ಸಕ್ಕರೆ ಇಳಿಸಿಬಿಡುವ ಭಯ ಹೆಚ್ಚು. ಊಟದ ಜೊತೆ ನುಂಗಿ ಎಂದು ಹೇಳಿಯೇ ಕೊಟ್ಟಿದ್ದರು. ತಾತ ಮರೆಯಬಾರದೆಂದು ಬೆಳಿಗ್ಗೆ ಆರಕ್ಕೆ ನುಂಗುತ್ತಿದ್ದರು. ಮೊದಲಾದರೆ ನಾಲ್ಕೂವರೆಯಿಂದ ಮೂರು ನಾಲ್ಕು ಸಕ್ಕರೆ ಟೀ ಹೊಟ್ಟೆಗೆ ಬೀಳುತ್ತಿತ್ತು, ಅದೇ ಅವರನ್ನು ಹತ್ತು ಗಂಟೆಯವರೆಗೆ ನಿಲ್ಲಿಸುತ್ತಿತ್ತು. ಕಾಯಿಲೆ ತಿಳಿದ ಮೇಲೆ ಕಟ್ಟುನಿಟ್ಟಾಗಿ ಟೀಯಲ್ಲಿ ಸಕ್ಕರೆ ಬಿಟ್ಟರು. ಆದರೆ ಬಿಟ್ಟದ್ದರ ಜಾಗಕ್ಕೆ ತಿಂಡಿ ಬರಲಿಲ್ಲ. ಬೆಳಗಿನ ಏಳೆಂಟರ ಹೊತ್ತಿಗೆ ಎಷ್ಟೋ ದಿನ ಕೈ ನಡುಗಿ, ತಲೆ ಹಗುರವಾಗಿ, ಗಿರಾಕಿಗಳ ಮೇಲೆ ರೇಗಿದ್ದುಂಟು, ಅದನ್ನು ವಯಸ್ಸು ಎಂದುಕೊಂಡಿದ್ದರು. ಗಿರಾಕಿಗಳು ಮುಂಗೋಪ ಎಂದುಕೊಂಡಿದ್ದರು. ನಾನೂ ಅವರಲ್ಲೊಬ್ಬ.

ಡಾಕ್ಟರು ಮಾತ್ರೆ ಬದಲಿಸಿದರು. ತಿಂಡಿಯ ಕೆಲಸ ನನ್ನ ಮಗ ವಹಿಸಿಕೊಂಡ.

ಈಗ ತಾತ ಆರೂವರೆಗೆ ಗಿರಾಕಿಗಳು ಇದ್ದರೂ ಹತ್ತು ನಿಮಿಷ ಕೂತು ತಿನ್ನುತ್ತಾರೆ. ಹೆಚ್ಚಾಗಿ ರಾಗಿ ಅಂಬಲಿ. ನಾವು ಊಟಕ್ಕೆ, ಅದೂ ಸಿಟ್ಟಿನಲ್ಲಿ, ‘ಕೂಳು’ ಎನ್ನುತ್ತೇವಲ್ಲ, ಇಲ್ಲಿ ಕೂಳ್ ಎಂದರೆ ಅಂಬಲಿ. ಬೇಸಿಗೆಯಲ್ಲಿ ಚೆನ್ನೈನ ಬೀದಿ ಬೀದಿಯಲ್ಲಿ ಗಾಡಿಯ ಮೇಲೆ ಈರುಳ್ಳಿ, ಹುರಿದ ಮೆಣಸಿನಕಾಯಿ ಇಟ್ಟುಕೊಂಡು ಮಾರುತ್ತಾರೆ. ತಾಳವಾಡಿಯ ರಾಗಿಯೂ ಮದರಾಸಿನ ಕೂಳೂ ಒಂದೇ ಎಂದು ತಾತನಿಗೆ ಐವತ್ತು ವರ್ಷದಿಂದ ಗೊತ್ತು, ನನಗೆ ಈಗ ಗೊತ್ತಾಯಿತು.

ಮಗನ ಉಗ್ಗು ಹೋಯಿತೇ ಎಂದು ಈ ಕತೆ ಕೇಳಿದವರೆಲ್ಲ ಕೇಳುತ್ತಾರೆ. ಇಲ್ಲ. ಫೋನಿನಲ್ಲಿ ಈಗಲೂ ಸಿಕ್ಕಿಕೊಳ್ಳುತ್ತಾನೆ, ಹೊಸಬರ ಮುಂದೆ ಹೆಸರು ಹೇಳುವಾಗ ಸಿಕ್ಕಿಕೊಳ್ಳುತ್ತಾನೆ. ಬದಲಾದದ್ದು ಬೇರೆ. ಸಿಕ್ಕಿಕೊಂಡಾಗ ಬಿಟ್ಟುಬಿಡುವುದಿಲ್ಲ, ಎದುರಿನವರು ಟೀ ಹೊಯ್ಯುತ್ತಿದ್ದಾರೆ ಎಂಬಂತೆ ನಿಂತು ಮುಗಿಸುತ್ತಾನೆ. ತಮಿಳು ಪಿರಿಯಡ್ಡಿನಲ್ಲಿ ಹಾಜರಿಗೆ ‘ಉಳ್ಳೇನ್ ಐಯಾ’ ಎನ್ನಬೇಕು. ಅದರಲ್ಲಿ ಪಕಾರವಿಲ್ಲ, ಅದು ಅವನಿಗೆ ಸಲೀಸು. ಉಳಿದ ಪಿರಿಯಡ್ಡುಗಳಲ್ಲೂ ಅದನ್ನೇ ಅನ್ನಲಾ ಎಂದು ಕ್ಲಾಸ್ ಟೀಚರನ್ನು ತಾನೇ ಹೋಗಿ ಕೇಳಿದನಂತೆ, ಅವರು ಒಪ್ಪಿದರಂತೆ. ಇದು ಪದ ತಪ್ಪಿಸಿಕೊಳ್ಳುವ ಉಪಾಯ, ಇದೇ ರೂಢಿಯಾಗಬಾರದು ಎಂದು ಥೆರಪಿಸ್ಟ್ ಎಚ್ಚರಿಸಿದರು. ಸರಿಯಾದ ಮಾತೇ. ಆದರೆ ಕೇಳಲು ಟೀಚರ ಮೇಜಿನವರೆಗೆ ನಡೆದುಹೋಗಿ ಅವನು ಆಡಿದ ವಾಕ್ಯ ಅದಕ್ಕಿಂತ ಎಷ್ಟು ಉದ್ದದ್ದು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ತಾತ ಅವರ ಮೊಮ್ಮಗಳಿಗೂ ಕನ್ನಡ ಕಲಿಸಲು ಶುರು ಮಾಡಿದ್ದಾರೆ. ಈವರೆಗೆ ಅವಳಿಗೆ ಬಂದಿರುವುದು ಎರಡೇ ಪದ, ಯಾವುವು ಎಂದು ನೀವೇ ಊಹಿಸಬಹುದು. ಈ ಲೇಖನ ಬರೆಯುತ್ತೇನೆ ಎಂದಾಗ ‘ಬರ್ಕೊ, ನನ್ನ ಹೆಸರು ಮಾತ್ರ ಹಾಕ್ಬ್ಯಾಡ. ಹಾಲು ಚೆಲ್ಲಿದ್ದು ಊರಿಗೆಲ್ಲ ಗೊತ್ತಾದದು’ ಎಂದರು.

ಇವತ್ತು ಬೆಳಿಗ್ಗೆ ನಾವು ಹೋಗುವಾಗ ಅಂಗಡಿಯ ಮುಂದೆ ಜನ ಹೆಚ್ಚಿದ್ದರು. ತಾತನ ಎರಡು ಕೈಯೂ ಖಾಲಿಯಿರಲಿಲ್ಲ. ಮಗ ಕೇಳುವ ಮೊದಲೇ ಗಲ್ಲದಿಂದ ಬಾಯ್ಲರ್ ಪಕ್ಕ ತೋರಿಸಿದರು. ತೊಳೆದ ಡಬ್ಬಿ ಅಲ್ಲಿ ಬೋರಲು ಇತ್ತು. ಮಗ ಅದನ್ನು ಎತ್ತಿ, ಒಳಗೆ ನೋಡಿ, ಹಾಗೇ ಬೋರಲಿಟ್ಟು ಬಸ್ಸು ಹತ್ತಿದ.